ನಕ್ಷೆಯೂ ಟಿಪ್ಪಣಿಯೂ

ಕಚೇರಿಯಲ್ಲಾಗಲಿ ಕಾಲೇಜಿನ ಪ್ರಯೋಗಶಾಲೆಯಲ್ಲಾಗಲಿ ಒಬ್ಬರು ಕೆಲಸ ಬಿಟ್ಟು ಮತ್ತೊಬ್ಬರು ಆ ಸ್ಥಾನಕ್ಕೆ ಬರುವಾಗ ‘ಚಾರ್ಜು ವಹಿಸಿಕೊಡುವ’ ಪದ್ಧತಿಯೊಂದುಂಟು. ಬೀರುವಿನ ಬೀಗದ ಕೈ, ದಾಸ್ತಾನು ಪುಸ್ತಕ, ತಕ್ಕಡಿ, ಗಾಜಿನ ಸಾಮಾನು, ಇವೆಲ್ಲವನ್ನೂ ಪಟ್ಟಿಯೊಡನೆ ತಾಳೆ ನೋಡಿ ಇಬ್ಬರೂ ರುಜು ಹಾಕುತ್ತಾರೆ. ಒಡೆದ ಬೀಕರು ಒಡೆದುದೆಂದೇ ಪಟ್ಟಿಯಲ್ಲಿ ಬರೆಯಲ್ಪಡುತ್ತದೆ. ಹಾಗೆ ಬರೆಯುವುದರಲ್ಲಿ ಯಾರಿಗೂ ಅವಮಾನವಿಲ್ಲ.

ಈಗ ಇನ್ನೊಂದು ಬಗೆಯ ಕೆಲಸವನ್ನು ನೋಡೋಣ. ಭೂಮಿಯ ಮೇಲಿನ ಸ್ಥಳಗಳನ್ನೂ ಅವುಗಳಿಗೆ ಸಂಬಂಧಿಸಿದ ಅಂಕಿ ಅಂಶಗಳನ್ನೂ ಗಣಕಯಂತ್ರದಲ್ಲಿ ಒಟ್ಟುಗೂಡಿಸಿ ನಕ್ಷೆಯಾಗಿ ತೋರಿಸುವ ವ್ಯವಸ್ಥೆಗೆ ಭೌಗೋಳಿಕ ಮಾಹಿತಿ ವ್ಯವಸ್ಥೆ, ಸಂಕ್ಷೇಪವಾಗಿ ಜಿ.ಐ.ಎಸ್., ಎಂದು ಹೆಸರು. ಕೆರೆ, ರಸ್ತೆ, ಚರಂಡಿ, ವಾರ್ಡು, ಎಲ್ಲವೂ ಇಂದು ಈ ವ್ಯವಸ್ಥೆಯಲ್ಲಿ ಪದರ ಪದರವಾಗಿ ಸೇರಿವೆ. ಇವನ್ನು ನೋಡಿಕೊಳ್ಳುವ ವಿಶ್ಲೇಷಕನು ಕೆಲಸ ಬಿಟ್ಟು ಹೋಗುವ ದಿನ ಏನನ್ನು ವಹಿಸಿಕೊಡಬೇಕು? ಗಣಕಯಂತ್ರವನ್ನೂ ಪ್ರವೇಶದ ಗುಪ್ತಪದವನ್ನೂ ಕೊಟ್ಟರೆ ಆಯಿತೆಂಬ ಭಾವನೆ ಸಾಮಾನ್ಯವಾಗಿದೆ. ಅದು ಸಾಲದೆಂಬುದು ನಮ್ಮ ಅಭಿಪ್ರಾಯ. ಆತನು ಬರೆದುಕೊಡುವ ಟಿಪ್ಪಣಿಯು ನಕ್ಷೆಗೆ ಹೊರಗಿನಿಂದ ಲಗತ್ತಿಸಿದ ಕಾಗದವಲ್ಲ. ಅದು ನಕ್ಷೆಯದೇ ಒಂದು ಭಾಗ. ಟಿಪ್ಪಣಿಯಿಲ್ಲದ ನಕ್ಷೆಯು ಏಕಮಾನವಿಲ್ಲದ ಅಳತೆಯಂತೆ. ಉದ್ದ 12 ಎಂದು ಬರೆದು ಅಡಿಯೋ ಗಜವೋ ಹೇಳದೆ ಬಿಟ್ಟಂತೆ.

ನಮ್ಮ ನಾಡಿನ ಮೋಜಣಿಗೆ ಇದು ಹೊಸ ಮಾತೂ ಅಲ್ಲ. ಕಂದಾಯ ಮೋಜಣಿಯಲ್ಲಿ ಹೊಲದ ಅಳತೆಗಳನ್ನು ಸ್ಥಳದಲ್ಲಿಯೇ ಬರೆದ ದಾಖಲೆಗೆ ‘ಟಿಪ್ಪಣಿ’ ಎಂದೇ ಹೆಸರು. ಗಡಿಯ ವಿವಾದ ಬಂದಾಗ ಗ್ರಾಮನಕಾಶೆಯೊಂದನ್ನೇ ನಂಬುವುದಿಲ್ಲ. ಟಿಪ್ಪಣಿಯನ್ನು ತರಿಸಿ ನೋಡುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ, 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಮೈಸೂರು ಸಂಸ್ಥಾನದ ಮೋಜಣಿಯನ್ನು ಕೈಗೊಂಡ ಕೋಲಿನ್ ಮೆಕೆಂಜಿಯು ನಕ್ಷೆಗಳನ್ನಷ್ಟೇ ಸಿದ್ಧಪಡಿಸಲಿಲ್ಲ. ಅವುಗಳೊಡನೆ ವಿವರಣೆಯ ಸಂಪುಟಗಳನ್ನೂ ಬರೆಯಿಸಿದನು. ಅದೇ ಕಾಲದಲ್ಲಿ ವಿಲಿಯಂ ಲ್ಯಾಂಬ್ಟನ್ನನು 1800ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಗಿಲಾದ ಆಧಾರರೇಖೆಯೊಂದನ್ನು ಉಕ್ಕಿನ ಸರಪಳಿಯಿಂದ ಅಳೆದನು. ಅಳೆಯುವಾಗ ಉಷ್ಣಮಾನವನ್ನೂ ಗುರುತು ಮಾಡಿಕೊಂಡನು. ಏಕೆ? ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ಹನ್ನೊಂದು ಪಾಲು ಹಿಗ್ಗುತ್ತದೆ. ಹತ್ತು ಡಿಗ್ರಿಯ ಏರಿಳಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಏಳು ಮೈಲಿಯಲ್ಲಿ ಸುಮಾರು ನಾಲ್ಕು ಅಡಿ ತಪ್ಪಾಗುತ್ತದೆ. ಉಷ್ಣಮಾನದ ದಾಖಲೆ ಕಳೆದುಹೋದರೆ ಮುಂದಿನವನಿಗೆ ಆ ತಪ್ಪನ್ನು ಸರಿಪಡಿಸುವ ದಾರಿಯೇ ಇಲ್ಲ. ಅಳತೆಯೊಂದು, ಅಳೆದ ಸ್ಥಿತಿಯೊಂದು. ಎರಡೂ ಸೇರಿದರೆ ಮಾತ್ರ ಫಲಿತಾಂಶ.

ಈ ಮಾತನ್ನು ಇಂದಿನ ಕೆಲಸಕ್ಕೆ ಅನ್ವಯಿಸಿ ನೋಡಲು ವಾಚಕರು ಮೈಸೂರಿನಲ್ಲಿ ಒಂದು ಕಚೇರಿಯನ್ನು ಕಲ್ಪಿಸಿಕೊಳ್ಳಲಿ. ಅಲ್ಲಿ ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಮೊದಲಾದ ಕೆರೆಗಳ ಅಂಚುಗಳ ನಕ್ಷೆಗಳಿವೆ. ಕೆಲವು ವರ್ಷ ದುಡಿದ ವಿಶ್ಲೇಷಕನು ತಿಂಗಳ ಕೊನೆಗೆ ಬೇರೆ ಊರಿಗೆ ಹೊರಟಿದ್ದಾನೆ. ಆತನು ಬರೆಯುತ್ತಿರುವ ಟಿಪ್ಪಣಿಯನ್ನು ನಾವು ಅವನ ಹೆಗಲ ಹಿಂದೆ ನಿಂತು ಓದೋಣ.

ಮೊದಲನೆಯ ಪುಟ ಫೋಲ್ಡರುಗಳದು. ಇದು ಸುಲಭವಾದ ಭಾಗವೆಂದು ತೋರುತ್ತದೆ. ಪಟ್ಟಿ ಮಾಡಿದರೆ ಮುಗಿಯಿತಲ್ಲವೆ? ಆದರೆ `kere_final`, `kere_final2`, `kere_final_new` ಎಂಬ ಮೂರು ಕಡತಗಳಿದ್ದಾಗ ಅವುಗಳ ಹೆಸರನ್ನು ಪಟ್ಟಿ ಮಾಡಿ ಏನು ಪ್ರಯೋಜನ? ಹೊಸಬನಿಗೆ ಬೇಕಾದುದು ಹೆಸರಲ್ಲ, ವಂಶಾವಳಿ. ಯಾವುದು ಮೂಲ, ಯಾವುದು ಮೂಲದಿಂದ ಹುಟ್ಟಿದುದು, ಯಾವುದನ್ನು ಹೊರಗೆ ಕೊಡಲಾಗಿದೆ ಎಂಬುದು ಅವನಿಗೆ ತಿಳಿಯಬೇಕು. ನಮ್ಮ ವಿಶ್ಲೇಷಕನು ಮೂರೇ ಫೋಲ್ಡರುಗಳನ್ನಿಟ್ಟಿದ್ದಾನೆ: `1_mula`, `2_kelasa`, `3_prakatane`. ಮೊದಲನೆಯದರಲ್ಲಿರುವುದು ಹೊರಗಿನಿಂದ ಬಂದ ದತ್ತಾಂಶ; ಅದನ್ನು ಯಾರೂ ತಿದ್ದಕೂಡದು. ಎರಡನೆಯದರಲ್ಲಿರುವುದೆಲ್ಲವನ್ನೂ ಅಳಿಸಿದರೂ ಮೊದಲನೆಯದರಿಂದ ಮತ್ತೆ ಪಡೆಯಬಹುದು. ಮೂರನೆಯದರಲ್ಲಿ ಪ್ರಕಟವಾದ ನಕ್ಷೆಗಳು ದಿನಾಂಕದೊಡನೆ ಇವೆ. ‘ಎರಡನೆಯದನ್ನು ಅಳಿಸಬಹುದು, ಮೊದಲನೆಯದನ್ನು ಅಳಿಸಕೂಡದು’ ಎಂಬ ಒಂದು ವಾಕ್ಯವು ಹತ್ತು ಪುಟದ ಪಟ್ಟಿಗಿಂತ ಬೆಲೆಯುಳ್ಳದ್ದು. ಪ್ರತಿಯೊಂದು ಮೂಲ ಕಡತದ ಮುಂದೆ ಅದು ಎಲ್ಲಿಂದ ಬಂತು, ಯಾವ ವರ್ಷದ ಮೋಜಣಿಯದು, ಯಾವ ಪ್ರಮಾಣದ ನಕ್ಷೆಯಿಂದ ಎತ್ತಿದುದು ಎಂಬ ಮೂರು ಸಂಗತಿಗಳನ್ನು ಆತನು ಬರೆದಿದ್ದಾನೆ.

ಎರಡನೆಯ ಪುಟದಲ್ಲಿ ನಿಜವಾದ ಕಷ್ಟ ಆರಂಭವಾಗುತ್ತದೆ. ಕೆರೆಯ ಅಂಚುಗಳಲ್ಲಿ ಒಂದು ಭಾಗವನ್ನು ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಸ್ಥಳಾಕೃತಿ ನಕ್ಷೆಯಿಂದ, ಅಂದರೆ ಮೈಸೂರು ನಗರವಿರುವ 57 ಡಿ/11ನೆಯ ಹಾಳೆಯಿಂದ, ಎತ್ತಲಾಗಿದೆ. ಅದರ ಪ್ರಮಾಣ 1:50,000. ಇನ್ನೊಂದು ಭಾಗವನ್ನು ಇತ್ತೀಚಿನ ಉಪಗ್ರಹ ಚಿತ್ರದಿಂದ ಎತ್ತಲಾಗಿದೆ. ಎರಡರಲ್ಲಿಯೂ ಅಕ್ಷಾಂಶ ರೇಖಾಂಶಗಳಿವೆ. ಹಾಗಿದ್ದರೆ ಎರಡೂ ಒಂದರ ಮೇಲೊಂದು ಸರಿಯಾಗಿ ಕೂರಬೇಕಲ್ಲವೆ? ಕೂರುವುದಿಲ್ಲ.

ಅಕ್ಷಾಂಶ ರೇಖಾಂಶಗಳು ಭೂಮಿಯ ಮೇಲೆ ಬರೆದಿಟ್ಟ ಗೆರೆಗಳಲ್ಲವೆಂಬುದನ್ನು ನಾವು ಮರೆಯಬಾರದು. ಭೂಮಿಯ ಆಕಾರವು ಅಂಕುಡೊಂಕಾದುದು. ಲೆಕ್ಕಕ್ಕಾಗಿ ಅದರ ಬದಲು ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾದ ನುಣುಪು ಗೋಳಾಭವೊಂದನ್ನು ಇಟ್ಟುಕೊಳ್ಳುತ್ತೇವೆ. ಅಕ್ಷಾಂಶ ರೇಖಾಂಶಗಳು ಆ ಗೋಳಾಭಕ್ಕೆ ಸೇರಿದವು. ಭಾರತದ ಹಳೆಯ ನಕ್ಷೆಗಳಿಗೆ ಆಧಾರವಾದುದು ಜಾರ್ಜ್ ಎವರೆಸ್ಟನ 1830ರ ಗೋಳಾಭ. ಅದನ್ನು ಮಧ್ಯಪ್ರದೇಶದ ಕಲ್ಯಾಣಪುರದಲ್ಲಿ ಭೂಮಿಗೆ ‘ಮೊಳೆ ಹೊಡೆದು’ ಕೂರಿಸಲಾಗಿತ್ತು. ಅದು ಈ ದೇಶದ ನೆಲಕ್ಕೆ ಹೊಂದುವಂತೆ ಆಯ್ದ ಗೋಳಾಭವಾದುದರಿಂದ ಅದರ ಕೇಂದ್ರವು ಭೂಮಿಯ ಕೇಂದ್ರದಿಂದ ಸುಮಾರು 830 ಮೀಟರು ದೂರದಲ್ಲಿದೆ. ಉಪಗ್ರಹಗಳಾದರೋ ಭೂಮಿಯ ಕೇಂದ್ರವನ್ನು ಸುತ್ತುವುವು. ಆದುದರಿಂದ ಅವುಗಳಿಗೆ ಭೂಮಿಯ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ಡಬ್ಲ್ಯು.ಜಿ.ಎಸ್. 84 ಎಂಬ ಬೇರೆ ಗೋಳಾಭವನ್ನು ಬಳಸುತ್ತಾರೆ; ಜಿ.ಪಿ.ಎಸ್. ಉಪಕರಣ ತೋರಿಸುವುದೂ ಇದನ್ನೇ. ಒಂದೇ ಕಲ್ಲಿಗೆ ಎರಡು ಗೋಳಾಭಗಳಲ್ಲಿ ಎರಡು ಜೊತೆ ಅಂಕಿಗಳು ಬರುತ್ತವೆ.

ಮೈಸೂರಿನಲ್ಲಿ ಈ ವ್ಯತ್ಯಾಸವೆಷ್ಟು? ಎವರೆಸ್ಟ್ ಆಧಾರದಿಂದ ಹೊಸ ಆಧಾರಕ್ಕೆ ಬರಲು ಬಳಕೆಯಲ್ಲಿರುವ ಒಂದು ರೂಪಾಂತರದಲ್ಲಿ ಮೂರು ಅಕ್ಷಗಳ ದಿಕ್ಕಿನಲ್ಲಿ ಕೇಂದ್ರವನ್ನು 295, 736, 257 ಮೀಟರು ಸರಿಸುತ್ತಾರೆ. ಕುಕ್ಕರಹಳ್ಳಿ ಕೆರೆಯ ಸ್ಥಾನಕ್ಕೆ ಲೆಕ್ಕ ಹಾಕಿದರೆ ಅಕ್ಷಾಂಶದಲ್ಲಿ ಸುಮಾರು 5 ಸೆಕೆಂಡು, ರೇಖಾಂಶದಲ್ಲಿ ಸುಮಾರು 4 ಸೆಕೆಂಡು ವ್ಯತ್ಯಾಸ ಬರುತ್ತದೆ. ನೆಲದ ಮೇಲೆ ಇದು ತೆಂಕಣಕ್ಕೆ 160 ಮೀಟರು, ಮೂಡಣಕ್ಕೆ 117 ಮೀಟರು. ಪೈಥಾಗೊರಸನ ಪ್ರಮೇಯವನ್ನು ಬಲ್ಲ ವಿದ್ಯಾರ್ಥಿಯು ಒಟ್ಟು ಸರಿತವನ್ನು ತಾನೇ ಕಂಡುಹಿಡಿಯಬಹುದು: ಸುಮಾರು 200 ಮೀಟರು. ಅಂದರೆ ಹಳೆಯ ಹಾಳೆಯ ಅಂಕಿಗಳನ್ನು ಜಿ.ಪಿ.ಎಸ್. ಅಂಕಿಗಳೆಂದು ತಿಳಿದು ನಕ್ಷೆ ಬರೆದರೆ ಇಡೀ ಕೆರೆಯೇ ಆಗ್ನೇಯಕ್ಕೆ 200 ಮೀಟರು ಜಾರಿಬಿಡುತ್ತದೆ. ಕೆರೆಯ ಆಕಾರ ಕೆಡುವುದಿಲ್ಲ, ವಿಸ್ತೀರ್ಣ ಕೆಡುವುದಿಲ್ಲ; ನಿಂತ ಜಾಗ ಮಾತ್ರ ತಪ್ಪು.

‘ಎವರೆಸ್ಟ್ ಆಧಾರ’ ಎಂದಷ್ಟೇ ಬರೆದರೂ ಸಾಲದು. ಎವರೆಸ್ಟನು ತನ್ನ ಗೋಳಾಭವನ್ನು ಭಾರತೀಯ ಅಡಿಗಳಲ್ಲಿ ಕೊಟ್ಟಿದ್ದನು; ಭೂಮಧ್ಯರೇಖೆಯಲ್ಲಿ ತ್ರಿಜ್ಯ 2,09,22,931.8 ಅಡಿ. ಇದನ್ನು ಮೀಟರಿಗೆ ತರುವಾಗ ಆ ಅಡಿಗೆ 0.30479841 ಮೀಟರೆಂಬ ಬೆಲೆಯನ್ನು ಒಮ್ಮೆ ಬಳಸಲಾಯಿತು, 0.3047995 ಎಂಬ ಬೆಲೆಯನ್ನು ಇನ್ನೊಮ್ಮೆ. ಒಂದು ಅಡಿಯಲ್ಲಿ ಇವೆರಡರ ಅಂತರ ಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಅದನ್ನು ಎರಡು ಕೋಟಿ ಚಿಲ್ಲರೆ ಅಡಿಗಳಿಂದ ಗುಣಿಸಿದರೆ ಭೂಮಿಯ ತ್ರಿಜ್ಯದಲ್ಲಿ 23 ಮೀಟರು ವ್ಯತ್ಯಾಸವಾಗುತ್ತದೆ. ಆದುದರಿಂದಲೇ ಎವರೆಸ್ಟ್ 1830 ಎಂಬ ಒಂದೇ ಹೆಸರಿನ ಹಲವು ಗೋಳಾಭಗಳು ತಂತ್ರಾಂಶಗಳ ಪಟ್ಟಿಯಲ್ಲಿ ಕಾಣಸಿಗುವುವು. ಯಾವುದನ್ನು ಆರಿಸಿದೆನೆಂದು ವಿಶ್ಲೇಷಕನು ಬರೆದಿಡದಿದ್ದರೆ ಬೇರೊಬ್ಬನಿಗೆ ಊಹೆಯೇ ಗತಿ. ಈ ಪದ್ಧತಿಗಳಿಗೆ ಅಂತರರಾಷ್ಟ್ರೀಯ ಬಳಕೆಯಲ್ಲಿ ಸಂಖ್ಯೆಗಳನ್ನು ಕೊಟ್ಟಿರುವುದರಿಂದ ಊಹೆಗೆ ಎಡೆಯಿಲ್ಲದಂತೆ ಬರೆಯಬಹುದು. ನಮ್ಮ ವಿಶ್ಲೇಷಕನು ಹಳೆಯ ಹಾಳೆಯ ಅಕ್ಷಾಂಶ ರೇಖಾಂಶಗಳಿಗೆ `EPSG:4146`, ಕಚೇರಿಯ ಸಿದ್ಧ ನಕ್ಷೆಗಳಿಗೆ `EPSG:32643` ಎಂದು ಬರೆದಿದ್ದಾನೆ.

ಈ ಎರಡನೆಯ ಸಂಖ್ಯೆಯು ಪ್ರಕ್ಷೇಪಕ್ಕೆ, ಅಂದರೆ ದುಂಡಾದ ಮೈಯನ್ನು ಚಪ್ಪಟೆ ಹಾಳೆಗೆ ಇಳಿಸುವ ವಿಧಾನಕ್ಕೆ ಸೇರಿದುದು. ಭೂಮಿಯನ್ನು ಆರಾರು ಡಿಗ್ರಿಯ 60 ಪಟ್ಟಿಗಳಾಗಿ ಹಂಚಿಕೊಳ್ಳುವ ಯು.ಟಿ.ಎಂ. ಪ್ರಕ್ಷೇಪದಲ್ಲಿ ಮೈಸೂರು 43ನೆಯ ಪಟ್ಟಿಯಲ್ಲಿ ಬರುತ್ತದೆ. ಈ ಪಟ್ಟಿ 72ರಿಂದ 78 ಡಿಗ್ರಿಯವರೆಗಿನದು. ಕೋಲಾರವು 78 ಡಿಗ್ರಿಯನ್ನು ದಾಟಿ 44ನೆಯ ಪಟ್ಟಿಗೆ ಸೇರಿದೆ. ಆದುದರಿಂದ ಮೈಸೂರಿಗಾಗಿ ಬರೆದ ಕ್ರಮವನ್ನು ಇಡೀ ರಾಜ್ಯಕ್ಕೆ ಹಾಗೆಯೇ ಅನ್ವಯಿಸುವಂತಿಲ್ಲ. ಈ ಪ್ರಕ್ಷೇಪವನ್ನು ಆರಿಸಿದ ಕಾರಣವನ್ನೂ ಆತನು ಒಂದು ಸಾಲಿನಲ್ಲಿ ಹೇಳಿದ್ದಾನೆ: ಮೈಸೂರಿನಲ್ಲಿ ಇದರ ಪ್ರಮಾಣದೋಷ ಒಂದು ಕಿಲೋಮೀಟರಿಗೆ ಒಂದೆರಡು ಸೆಂಟಿಮೀಟರು ಮಾತ್ರ. ಅಂತರಜಾಲದ ನಕ್ಷೆಗಳು ಬಳಸುವ ಮರ್ಕೇಟರ್ ಪ್ರಕ್ಷೇಪದಲ್ಲಿ ನೇರವಾಗಿ ವಿಸ್ತೀರ್ಣವನ್ನು ಅಳೆದರೆ ನಮ್ಮ ಅಕ್ಷಾಂಶದಲ್ಲಿ ಪ್ರತಿಯೊಂದು ಕೆರೆಯೂ ನೂರಕ್ಕೆ ಸುಮಾರು ಐದರಷ್ಟು ದೊಡ್ಡದಾಗಿ ಕಾಣುತ್ತದೆ. ಕಾರಣವನ್ನು ಬರೆಯದಿದ್ದರೆ, ‘ಎಲ್ಲರೂ ಅದನ್ನೇ ಬಳಸುತ್ತಾರಲ್ಲ’ ಎಂದು ಹೊಸಬನು ಒಂದು ದಿನ ಪ್ರಕ್ಷೇಪವನ್ನು ಬದಲಿಸಿಬಿಡಬಹುದು. ಆಗ ಕೆರೆಗಳೆಲ್ಲ ಕಾಗದದ ಮೇಲೆ ಬೆಳೆಯುವುವು.

ಮೂರನೆಯ ಪುಟ ಸ್ಕ್ರಿಪ್ಟುಗಳದು. ಗಣಕಯಂತ್ರವು ಒಂದು ಕೆಲಸವನ್ನು ಪುನಃ ಪುನಃ ಮಾಡುವಂತೆ ಬರೆದಿಟ್ಟ ಆಜ್ಞೆಗಳ ಸರಣಿಗೆ ಸ್ಕ್ರಿಪ್ಟು ಎನ್ನುತ್ತಾರೆ. ಹಳೆಯ ಹಾಳೆಯಿಂದ ಎತ್ತಿದ ಕೆರೆಯ ಅಂಚನ್ನು ಸಿದ್ಧಪಡಿಸಲು ಈ ಕಚೇರಿಯಲ್ಲಿ ಎರಡು ಆಜ್ಞೆಗಳಿವೆ.

```
ogr2ogr -a_srs EPSG:4326 kere_1.gpkg kere_topo.shp
ogr2ogr -s_srs EPSG:4146 -t_srs EPSG:32643 kere_2.gpkg kere_topo.shp
```

ಎರಡೂ ದೋಷಸೂಚನೆಯಿಲ್ಲದೆ ನಡೆಯುತ್ತವೆ. ಎರಡರಿಂದಲೂ ಅಂದವಾದ ನಕ್ಷೆ ಹೊರಬರುತ್ತದೆ. ಆದರೆ ಮೊದಲನೆಯದು ಮಾಡುವುದು ಹೆಸರುಚೀಟಿ ಅಂಟಿಸುವ ಕೆಲಸವನ್ನಷ್ಟೆ. ‘ಇನ್ನು ಮುಂದೆ ಈ ಅಂಕಿಗಳನ್ನು ಡಬ್ಲ್ಯು.ಜಿ.ಎಸ್. 84ರವೆಂದು ತಿಳಿಯತಕ್ಕದ್ದು’ ಎಂದು ಅದು ಹೇಳುತ್ತದೆ. ಒಂದು ಅಂಕಿಯನ್ನೂ ಬದಲಿಸುವುದಿಲ್ಲ. ಅಡಿಕೋಲಿನಿಂದ ಅಳೆದ 12ರ ಮುಂದೆ ಮೀಟರು ಎಂದು ಬರೆದಂತೆ ಇದು. ಎರಡನೆಯ ಆಜ್ಞೆಯಾದರೋ ಅಂಕಿಗಳು ಎವರೆಸ್ಟ್ ಆಧಾರದವೆಂದು ಒಪ್ಪಿಕೊಂಡು, ಅವನ್ನು ಹೊಸ ಆಧಾರಕ್ಕೂ ಹೊಸ ಪ್ರಕ್ಷೇಪಕ್ಕೂ ಲೆಕ್ಕ ಹಾಕಿ ಬದಲಾಯಿಸುತ್ತದೆ. ಮೊದಲನೆಯ ಆಜ್ಞೆಯಿಂದ ಹುಟ್ಟಿದ ಕಡತದಲ್ಲಿ ಕೆರೆಯು 200 ಮೀಟರು ಜಾರಿರುತ್ತದೆ. ಸ್ಕ್ರಿಪ್ಟಿನಲ್ಲಿ ಏನು ನಡೆಯುತ್ತದೆಂಬುದನ್ನು ಓದಿ ತಿಳಿಯಬಹುದು. ಯಾವುದನ್ನು ಬಳಸಬಾರದು, ಏಕೆ ಬಳಸಬಾರದು, ಅದರಿಂದ ಹುಟ್ಟಿದ ಯಾವ ನಕ್ಷೆಗಳು ಈಗಾಗಲೇ ಹೊರಗೆ ಹೋಗಿವೆ ಎಂಬುದನ್ನು ಸ್ಕ್ರಿಪ್ಟು ಹೇಳಲಾರದು. ಅದು ಟಿಪ್ಪಣಿಯ ಕೆಲಸ. ನಮ್ಮ ವಿಶ್ಲೇಷಕನು ಮೊದಲನೆಯ ಆಜ್ಞೆಯ ಮುಂದೆ ಹೀಗೆ ಬರೆದಿದ್ದಾನೆ: ‘ಇದನ್ನು ನಡೆಸಬೇಡಿ. ಹಳೆಯ ವರದಿಯ ನಕ್ಷೆಯು ಏಕೆ ಹಾಗಿದೆಯೆಂದು ತಿಳಿಯಲಿ ಎಂದು ಮಾತ್ರ ಉಳಿಸಿದೆ.’

ತಂತ್ರಾಂಶವೇ ಕಡತದ ಜೊತೆಗೆ ಪ್ರಕ್ಷೇಪವನ್ನು ಬರೆದಿಟ್ಟುಕೊಳ್ಳುತ್ತದೆಯಲ್ಲ, ಟಿಪ್ಪಣಿಯೇಕೆ ಎಂದು ಕೇಳುವವರುಂಟು. ಶೇಪ್ ಕಡತದೊಡನೆ `.prj` ಎಂಬ ಚಿಕ್ಕ ಕಡತವೊಂದು ಇರುವುದು ನಿಜ. ಆದರೆ ಅದು ಚೀಟಿಯಲ್ಲಿ ಏನು ಬರೆದಿದೆಯೆಂದು ಹೇಳುತ್ತದೆ. ಬರೆದುದು ನಿಜವೇ ಎಂದು ಹೇಳುವುದಿಲ್ಲ. ಮೇಲಿನ ಮೊದಲನೆಯ ಆಜ್ಞೆಯೂ ಚೀಟಿಯನ್ನು ಅಚ್ಚುಕಟ್ಟಾಗಿಯೇ ಅಂಟಿಸಿತ್ತು.

ಹಾಗಾದರೆ ಟಿಪ್ಪಣಿಯಿಲ್ಲದೆಯೇ ಇಂತಹ ದೋಷವನ್ನು ಕಂಡುಹಿಡಿಯಲಾಗದೆ? ಕೆಲವು ವೇಳೆ ಸಾಧ್ಯ. ಅಕ್ಷಾಂಶವನ್ನೂ ರೇಖಾಂಶವನ್ನೂ ಅದಲುಬದಲು ಮಾಡಿದರೆ ಮೈಸೂರು ಉತ್ತರ ಧ್ರುವದತ್ತ, ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರದ ಸಮುದ್ರಕ್ಕೆ ಬೀಳುತ್ತದೆ. 43ನೆಯ ಪಟ್ಟಿಯ ಅಂಕಿಗಳಿಗೆ 44 ಎಂದು ಚೀಟಿ ಹಚ್ಚಿದರೆ ಊರು 650 ಕಿಲೋಮೀಟರು ಮೂಡಣಕ್ಕೆ, ಬಂಗಾಳ ಕೊಲ್ಲಿಯ ನೀರಿಗೆ ಹೋಗುತ್ತದೆ. ಇಂತಹ ತಪ್ಪನ್ನು ಮೊದಲ ದಿನದ ವಿದ್ಯಾರ್ಥಿಯೂ ಕಂಡು ನಗುತ್ತಾನೆ. ಆದುದರಿಂದ ಅದು ಯಾರಿಗೂ ಕೇಡು ಮಾಡುವುದಿಲ್ಲ. ಕೇಡು ಮಾಡುವುದು 200 ಮೀಟರಿನ ತಪ್ಪು. ಇಡೀ ನಗರವನ್ನು ಪರದೆಯ ಮೇಲೆ ನೋಡುವಾಗ ಅದು ಕಣ್ಣಿಗೇ ಬೀಳುವುದಿಲ್ಲ.

ಅದನ್ನು ಹಿಡಿಯುವ ಉಪಾಯವೊಂದಿದೆ. ಪರಸ್ಪರ ದೂರವಿರುವ ಮೂರು ಸ್ಥಳಗಳನ್ನು, ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿಗಳ ಏರಿಗಳನ್ನೇ ಎನ್ನೋಣ, ಉಪಗ್ರಹ ಚಿತ್ರದ ಮೇಲಿಟ್ಟು ನೋಡಬೇಕು. ಮೂರೂ ಒಂದೇ ದಿಕ್ಕಿಗೆ ಒಂದೇ ದೂರ ಸರಿದಿದ್ದರೆ ದೋಷವಿರುವುದು ಆಧಾರದಲ್ಲಿ. ಒಂದೊಂದು ಒಂದೊಂದು ದಿಕ್ಕಿಗೆ ಸರಿದಿದ್ದರೆ ಗೆರೆ ಎಳೆದವನ ಕೈಯಲ್ಲಿಯೋ ಹಿಗ್ಗಿ ಕುಗ್ಗಿದ ಕಾಗದದಲ್ಲಿಯೋ ದೋಷವಿದೆ. ಭೌತವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ತಮ್ಮ ಪ್ರಯೋಗಪುಸ್ತಕದ ಪರಿಚಿತ ಭೇದವನ್ನೇ ಕಾಣುವರು: ಒಂದು ವ್ಯವಸ್ಥಿತ ದೋಷ, ಇನ್ನೊಂದು ಯಾದೃಚ್ಛಿಕ ದೋಷ. ಮೊದಲನೆಯದನ್ನು ಲೆಕ್ಕದಿಂದ ತೆಗೆಯಬಹುದು. ಎರಡನೆಯದನ್ನು ತೆಗೆಯಲಾಗದು, ಎಷ್ಟೆಂದು ಹೇಳಬಹುದು ಮಾತ್ರ.

ನಾಲ್ಕನೆಯ ಪುಟಕ್ಕೆ ‘ತಿಳಿದಿರುವ ದೋಷಗಳು’ ಎಂದು ತಲೆಬರಹ. ಇದನ್ನೇ ನಾವು ಟಿಪ್ಪಣಿಯ ಹೃದಯವೆನ್ನುತ್ತೇವೆ. ಇಲ್ಲಿ ಅಂಕಿಗಳ ದೋಷಗಳೊಡನೆ ಅಕ್ಷರಗಳ ದೋಷಗಳೂ ಸೇರಿರುತ್ತವೆ. 2014ರ ನವೆಂಬರ್ 1ರಂದು ನಗರದ ಇಂಗ್ಲಿಷ್ ಹೆಸರು `Mysore` ಎಂಬುದರಿಂದ `Mysuru` ಎಂದು ಬದಲಾಯಿತು. ನಮಗೆ ಎರಡೂ ಒಂದೇ ಊರು. ಗಣಕಯಂತ್ರಕ್ಕೆ ಎರಡು ಊರು. ಹಳೆಯ ಜನಸಂಖ್ಯೆಯ ಕೋಷ್ಟಕವನ್ನು ಹೊಸ ನಕ್ಷೆಗೆ ಹೆಸರಿನ ಮೂಲಕ ಜೋಡಿಸಿದರೆ ನಗರದ ಸಾಲೇ ಖಾಲಿಯಾಗುತ್ತದೆ. ಮೊತ್ತ ತೆಗೆದರೆ ನಗರವು ಲೆಕ್ಕದಿಂದ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಕನ್ನಡದಲ್ಲಿ ಬರೆದ ಹೆಸರುಗಳಿಗೆ ಇನ್ನೊಂದು ವಿಪತ್ತು. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿಯಂತಹ ಅಕ್ಷರವಿನ್ಯಾಸಗಳಲ್ಲಿ ಕನ್ನಡದ ಆಕೃತಿಗಳನ್ನು ರೋಮನ್ ಸಂಕೇತಗಳ ಜಾಗದಲ್ಲಿ ಕೂರಿಸಿದ್ದರು. ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ಮೈಸೂರು ಎಂಬುದು `ªÉÄÊ¸ÀÆgÀÄ` ಎಂದು ಕಾಣುತ್ತದೆ. ತಿಳಿಯದವನು ಇದನ್ನು ಕೆಟ್ಟುಹೋದ ಕಡತವೆಂದು ಅಳಿಸಿಬಿಡುತ್ತಾನೆ. ‘ಇದು ಕೆಟ್ಟಿಲ್ಲ, ನುಡಿಯಲ್ಲಿದೆ, ಪರಿವರ್ತಿಸಿ ಬಳಸಿ’ ಎಂಬ ಟಿಪ್ಪಣಿಯೊಂದಿದ್ದರೆ ಹಳ್ಳಿ ಹಳ್ಳಿಯ ಹೆಸರುಗಳೂ ಉಳಿಯುತ್ತವೆ.

ಆದರೆ ದೋಷವಿದೆ ಎಂದು ಬರೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಎಷ್ಟು, ಯಾವ ದಿಕ್ಕಿಗೆ, ಆದುದರಿಂದ ಈ ನಕ್ಷೆಯನ್ನು ಯಾವುದಕ್ಕೆ ಬಳಸಬಾರದು ಎಂಬುದೂ ಬರಬೇಕು. ನಮ್ಮ ಕೆರೆಯನ್ನೇ ತೆಗೆದುಕೊಳ್ಳಿ. ಎರಡನೆಯ ಆಜ್ಞೆಯಿಂದ ಸರಿಪಡಿಸಿದ ಮೇಲೂ ಎಲ್ಲವೂ ನಿಷ್ಕೃಷ್ಟವಾಯಿತೆನ್ನುವಂತಿಲ್ಲ. ಮೂರು ಅಂಕಿಗಳಿಂದ ಇಡೀ ದೇಶಕ್ಕೆ ಮಾಡುವ ಆ ರೂಪಾಂತರದಲ್ಲಿ ಸುಮಾರು 20 ಮೀಟರಿನ ಅನಿಶ್ಚಿತತೆ ಉಳಿಯುತ್ತದೆ. ಮೇಲಾಗಿ 1:50,000ದ ಹಾಳೆಯಲ್ಲಿ ಅರ್ಧ ಮಿಲಿಮೀಟರು ದಪ್ಪದ ಗೆರೆಯೆಂದರೆ ನೆಲದ ಮೇಲೆ 25 ಮೀಟರು. ಗೆರೆಯ ಯಾವ ಅಂಚು ಕೆರೆಯ ಅಂಚು? ಹಾಳೆಯೇ ಉತ್ತರ ಕೊಡಲಾರದು.

ಇದರಿಂದ ಯಾರಿಗೆ ಏನಾಗುವುದೆಂಬುದನ್ನು ನೋಡಬೇಕಾದರೆ ಬೆಂಗಳೂರಿನ ಕೆರೆಗಳ ಪ್ರಕರಣವನ್ನು ಸ್ಮರಿಸಬಹುದು. 2016ರ ಮೇ ತಿಂಗಳಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಅಲ್ಲಿಯ ಕೆರೆಗಳ ಸುತ್ತ 75 ಮೀಟರು ಅಗಲದ ರಕ್ಷಣಾವಲಯವಿರಬೇಕೆಂದು ಆದೇಶಿಸಿತು. 2019ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಪಡಿಸಿತು. ಯಾವ ಅಗಲ ಉಚಿತವೆಂಬ ಚರ್ಚೆ ಇಲ್ಲಿ ನಮ್ಮದಲ್ಲ. 75 ಮೀಟರು, ಅಥವಾ ಅದಕ್ಕೂ ಕಡಿಮೆಯಾದ 30 ಮೀಟರು ಎಂದು ನಿಯಮ ಮಾಡುವವರ ಕೈಯಲ್ಲಿರುವ ನಕ್ಷೆಯು 200 ಮೀಟರು ಜಾರಿದ್ದರೆ ಗತಿಯೇನು? ಕೆರೆಯ ಒಂದು ಮಗ್ಗುಲಲ್ಲಿ ನ್ಯಾಯವಾಗಿ ಕಟ್ಟಿದ ಮನೆಯು ನೀರಿನೊಳಗೆ ಕಾಣುತ್ತದೆ. ಇನ್ನೊಂದು ಮಗ್ಗುಲಲ್ಲಿ ಕೆರೆಯ ಅಂಗಳದಲ್ಲಿಯೇ ಎಬ್ಬಿಸಿದ ಗೋಡೆಯು ದೂರದ ಒಣನೆಲದಲ್ಲಿ ಕಾಣುತ್ತದೆ. ಸರಿಪಡಿಸಿದ ನಕ್ಷೆಯೂ 75 ಮೀಟರಿನ ಪ್ರಶ್ನೆಗೆ ಸ್ಥೂಲವಾದ ಸೂಚನೆಯನ್ನಷ್ಟೇ ಕೊಡಬಲ್ಲದು. 30 ಮೀಟರಿನ ಪ್ರಶ್ನೆಗೆ ಅದನ್ನು ಸಾಕ್ಷಿಯಾಗಿ ತರಲೇಕೂಡದು. ಅಲ್ಲಿಗೆ ಮೋಜಣಿದಾರನೇ ಸ್ಥಳಕ್ಕೆ ಹೋಗಿ ಅಳೆಯಬೇಕು. ನಮ್ಮ ವಿಶ್ಲೇಷಕನು ಬರೆದ ಕೊನೆಯ ಸಾಲು ಇದೇ: ‘ಈ ಪದರವು ಕೆರೆ ಎಲ್ಲಿದೆಯೆಂದು ತೋರಿಸಲು ಸಾಕು, ಗಡಿಯನ್ನು ತೀರ್ಮಾನಿಸಲು ಸಾಲದು.’

ಇಂತಹ ಸಾಲನ್ನು ಬರೆದಿಟ್ಟರೆ ಕಚೇರಿಯ ಲೋಪವನ್ನು ತಾನಾಗಿಯೇ ಒಪ್ಪಿಕೊಂಡಂತಾಗುವುದಿಲ್ಲವೆ, ನಾಳೆ ಯಾರಾದರೂ ನ್ಯಾಯಾಲಯದಲ್ಲಿ ಇದನ್ನೇ ಎತ್ತಿ ಹಿಡಿದರೆ ಏನು ಮಾಡುವುದು ಎಂಬ ಆಕ್ಷೇಪ ಬರುವುದು ಸಹಜ. ಈ ಅಂಜಿಕೆಗೆ ಆಧಾರವಿಲ್ಲದೆ ಇಲ್ಲ. ಆದರೆ ಬರೆಯದಿದ್ದ ಮಾತ್ರಕ್ಕೆ ದೋಷವು ಇಲ್ಲವಾಗುವುದೆ? ಜಿ.ಪಿ.ಎಸ್. ಉಪಕರಣವು ಇಂದು ಪ್ರತಿಯೊಬ್ಬನ ಜೇಬಿನಲ್ಲಿಯೂ ಇದೆ. 200 ಮೀಟರಿನ ತಪ್ಪನ್ನು ಮನೆಯ ಯಜಮಾನನೇ ಹಿಡಿದು ತೋರಿಸಿದ ದಿನ, ಸರಿಯಾಗಿರುವ ಬೇರೆ ಪದರಗಳನ್ನೂ ಯಾರೂ ನಂಬುವುದಿಲ್ಲ. ಮಿತಿಯನ್ನು ಹೇಳಿದ ನಕ್ಷೆಗೆ ಆ ಮಿತಿಯೊಳಗಾದರೂ ಮರ್ಯಾದೆ ಉಳಿಯುತ್ತದೆ.

ಇಂತಹ ಟಿಪ್ಪಣಿ ಹೊರಡುವ ವಾರದಲ್ಲಿ ಕುಳಿತು ಬರೆದರೆ ಬರುವುದಿಲ್ಲ. ಆಗ ನೆನಪಿನಲ್ಲಿರುವುದು ಫೋಲ್ಡರುಗಳ ಹೆಸರು ಮಾತ್ರ. ಮೂರು ವರ್ಷದ ಹಿಂದೆ ಒಂದು ಆಜ್ಞೆಯನ್ನು ಏಕೆ ಕೈಬಿಟ್ಟೆವೆಂಬುದು ಮರೆತುಹೋಗಿರುತ್ತದೆ. ಲ್ಯಾಂಬ್ಟನ್ನನು ಉಷ್ಣಮಾನವನ್ನು ಸರಪಳಿ ನೆಲದ ಮೇಲಿದ್ದಾಗಲೇ ಬರೆದುಕೊಂಡನು, ಊರಿಗೆ ಹೊರಡುವಾಗ ಅಲ್ಲ. ದೋಷ ಕಂಡ ದಿನವೇ ದಿನಾಂಕ ಹಾಕಿ ಒಂದು ಸಾಲು ಬರೆಯುವ ರೂಢಿಯಿದ್ದರೆ ಕೊನೆಯ ವಾರದಲ್ಲಿ ಉಳಿಯುವುದು ಅದನ್ನು ಓದಿ ಅಚ್ಚುಕಟ್ಟು ಮಾಡುವ ಕೆಲಸವಷ್ಟೆ.

ಟಿಪ್ಪಣಿ ಸಾಕಷ್ಟಿದೆಯೇ ಇಲ್ಲವೇ ಎಂದು ತಿಳಿಯುವುದಕ್ಕೆ ನಾವು ಒಂದೇ ಪರೀಕ್ಷೆಯನ್ನು ಸೂಚಿಸುತ್ತೇವೆ. ಹೋಗುವವನು ಇನ್ನೂ ಊರಿನಲ್ಲಿರುವಾಗಲೇ, ಬರುವವನು `1_mula` ಫೋಲ್ಡರನ್ನೂ ಟಿಪ್ಪಣಿಯನ್ನೂ ಮಾತ್ರ ಇಟ್ಟುಕೊಂಡು ಕುಳಿತುಕೊಳ್ಳಲಿ. ಪ್ರಕಟವಾದ ನಕ್ಷೆಗಳಲ್ಲಿ ಒಂದನ್ನು, ಕುಕ್ಕರಹಳ್ಳಿಯದನ್ನೇ, ಮೊದಲಿನಿಂದ ಮತ್ತೆ ಸಿದ್ಧಪಡಿಸಲಿ. ಬಾಯಿಮಾತಿನಲ್ಲಿ ಏನನ್ನೂ ಕೇಳಕೂಡದು. ಅವನು ಎಲ್ಲೆಲ್ಲಿ ತಡೆದು ನಿಲ್ಲುವನೋ ಅಲ್ಲಲ್ಲಿ ಟಿಪ್ಪಣಿಯಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಅದನ್ನು ಅಂದೇ ತುಂಬಬೇಕು. ಹೊಸ ಗೆರೆಯೂ ಹಳೆಯ ಗೆರೆಯೂ ಒಂದರ ಮೇಲೊಂದು ಕೂತ ಮೇಲೆ ಇಬ್ಬರೂ ಪಟ್ಟಿಗೆ ರುಜು ಹಾಕಲಿ. ಅಷ್ಟಾದರೆ ಚಾರ್ಜು ವಹಿಸಿಕೊಟ್ಟಂತಾಯಿತು. ಅಷ್ಟಾಗದೆ ಬೀಗದ ಕೈಯನ್ನು ಮಾತ್ರ ಪಡೆದುಕೊಂಡವನಿಗೆ ಬೀರುವಿನಲ್ಲಿ ಏನಿದೆಯೆಂದು ಕೊನೆಯವರೆಗೂ ತಿಳಿಯುವುದಿಲ್ಲ.